ಹಣೆಬರಹವೂ ಪರಿಹಾರವೂ: ಸೇಲಂ–ಧರ್ಮಪುರಿಯ ಜಾತಕ ನಂಬಿಕೆ

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ವಿಧಿಗೆ ಎರಡು ಹೆಸರುಗಳಿವೆ. ಮನೆಯೊಳಗೆ ಅದು ‘ಹಣೆಬರಹ’, ಬೀದಿಗಿಳಿದರೆ ‘ತಲೈಯೆೞುತ್ತು’. (ಹಳಗನ್ನಡ ಪಾಠದಲ್ಲಿ ಮಾತ್ರ ನಾವು ಕಾಣುವ ೞಕಾರ ಅಲ್ಲಿ ಇಂದಿಗೂ ದಿನಬಳಕೆಯ ಅಕ್ಷರ.) ಬರೆದದ್ದನ್ನು ಅಳಿಸಲಾಗದು ಎಂಬುದೇ ಎರಡರ ಅರ್ಥ. ಆದರೆ ಅದೇ ಬೀದಿಯಲ್ಲಿ ‘ವಿದಿಯೈ ಮದಿಯಾಲ್ ವೆಲ್ಲಲಾಂ’, ವಿಧಿಯನ್ನು ಬುದ್ಧಿಯಿಂದ ಗೆಲ್ಲಬಹುದು, ಎಂಬ ಗಾದೆಯೂ ಸಲ್ಲುತ್ತದೆ. ತಮಿಳಿನ ‘ಮದಿ’ಗೆ ಬುದ್ಧಿ, ಚಂದ್ರ ಎಂಬ ಎರಡೂ ಅರ್ಥಗಳಿವೆ, ಜ್ಯೋತಿಷದಲ್ಲಿ ಚಂದ್ರನು ಮನಸ್ಸಿನ ಕಾರಕನಾದ್ದರಿಂದ ಈ ಶ್ಲೇಷೆ ಜೋಯಿಸರಿಗೆ ಪ್ರಿಯವಾದದ್ದು. ತಿರುಕ್ಕುರಳಿನಲ್ಲಿಯೂ ಈ ಜೋಡಿಯಿದೆ. ಅದರ 38ನೆಯ ಅಧಿಕಾರ ವಿಧಿಯ ಬಲವನ್ನು ಒಪ್ಪಿದರೆ, 62ನೆಯದು ಎಡೆಬಿಡದ ದುಡಿಮೆ ವಿಧಿಯನ್ನೂ ಹಿಮ್ಮೆಟ್ಟಿಸುವುದೆನ್ನುತ್ತದೆ.

ಹಾಗಾದರೆ ನಂಬುವವರು ಎರಡನ್ನೂ ಹೇಗೆ ಹಿಡಿದಿಡುತ್ತಾರೆ? ಶಾಸ್ತ್ರ ಒಂದು ಉತ್ತರ ಕೊಡುತ್ತದೆ. ಜಾತಕ ತೋರಿಸುವುದು ಹಿಂದೆ ಮಾಡಿ ಈಗ ಫಲಕ್ಕೆ ಬಂದ ಕರ್ಮವನ್ನು. ಆ ಕರ್ಮದಲ್ಲಿ ದೃಢ, ಅದೃಢ, ದೃಢಾದೃಢ ಎಂಬ ಭೇದಗಳುಂಟು. ದೃಢವಾದದ್ದನ್ನು ಉಣ್ಣಲೇಬೇಕು, ಅದೃಢವಾದದ್ದು ಶಾಂತಿಯಿಂದ ಕರಗೀತು, ನಡುವಣದು ಬಹು ಪ್ರಯತ್ನದಿಂದ ಸಡಿಲವಾದೀತು. ದೈವ ಮತ್ತು ಪುರುಷಕಾರಗಳನ್ನು ರಥದ ಎರಡು ಚಕ್ರಗಳಿಗೆ ಹೋಲಿಸಿದ ಯಾಜ್ಞವಲ್ಕ್ಯಸ್ಮೃತಿಯ ನಿಲುವೂ ಇದಕ್ಕೆ ಹತ್ತಿರದ್ದೇ. ಈ ವಿಭಾಗ ಅಚ್ಚುಕಟ್ಟಾಗಿದೆ. ಆದರೆ ಒಂದು ನಿರ್ದಿಷ್ಟ ದೋಷ ಇವುಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಫಲ ಕಾಣುವ ಮೊದಲು ಖಚಿತವಾಗಿ ತಿಳಿಯುವುದು ಕಷ್ಟ.

ಒಂದು ಜಾತಕವನ್ನು ಕಲ್ಪಿಸಿಕೊಳ್ಳೋಣ. ಕನ್ಯೆಯ ಲಗ್ನ ಕಟಕ, ಕುಜ ಮಕರದಲ್ಲಿ. ಕಟಕದಿಂದ ಎಣಿಸಿದರೆ ಮಕರ ಏಳನೆಯ ಮನೆ, ಅಂದರೆ ದಾಂಪತ್ಯದ ಸ್ಥಾನ. 2, 4, 7, 8, 12 ಈ ಮನೆಗಳಲ್ಲಿ ಕುಜನಿದ್ದರೆ ದೋಷವೆಂಬುದು ತಮಿಳುನಾಡಿನ ರೂಢಿಯಾದ್ದರಿಂದ ಇದು ಕುಜದೋಷ, ಅಲ್ಲಿನವರ ಮಾತಿನಲ್ಲಿ ‘ಸೆವ್ವಾಯ್ ದೋಷ’. ಆದರೆ ಮಕರ ಕುಜನ ಉಚ್ಚರಾಶಿ. ಸ್ವಕ್ಷೇತ್ರದಲ್ಲಿಯೋ ಉಚ್ಚದಲ್ಲಿಯೋ ಇರುವ ಕುಜನಿಗೆ ದೋಷವಿಲ್ಲವೆಂಬ ಅಪವಾದವೂ ಅಷ್ಟೇ ರೂಢಿಯಲ್ಲಿದೆ. ಒಬ್ಬ ಜೋಯಿಸರು ನಿಯಮವನ್ನು ಹಿಡಿದಾರು, ಮತ್ತೊಬ್ಬರು ಅಪವಾದವನ್ನು. ಗ್ರಹ ಕದಲಲಿಲ್ಲ, ಓದು ಬದಲಾಯಿತು. ಎರಡನೆಯ ಜೋಯಿಸರನ್ನು ಹುಡುಕಿ ಹೊರಟ ತಂದೆ ವಿಧಿಯನ್ನು ಅಲ್ಲಗಳೆದಿಲ್ಲ. ಆದರೆ ಅದನ್ನು ಓದುವವರನ್ನು ಆರಿಸುವ ಸ್ವಾತಂತ್ರ್ಯವನ್ನು ತನ್ನಲ್ಲೇ ಉಳಿಸಿಕೊಂಡಿದ್ದಾನೆ.

ಓದಿನಿಂದ ಬಗೆಹರಿಯದಿದ್ದರೆ ಮುಂದಿನದು ಪರಿಹಾರ. ಧರ್ಮಪುರಿಯ ಬಳಿ ಅದಿಯಮಾನ್‌ಕೋಟ್ಟೈಯಲ್ಲಿ ಕಾಲಭೈರವನ ದೇಗುಲವಿದೆ. ಕೃಷ್ಣಪಕ್ಷದ ಅಷ್ಟಮಿಯಂದು ಭಕ್ತರು ಬೂದುಗುಂಬಳವನ್ನು ಹೋಳು ಮಾಡಿ, ತಿರುಳು ತೆಗೆದು, ಎಣ್ಣೆ ತುಂಬಿ ಅಲ್ಲಿ ದೀಪ ಹಚ್ಚುತ್ತಾರೆ. ಭೈರವ ಕಾಲದ ಒಡೆಯ, ಗ್ರಹ ನಕ್ಷತ್ರಗಳೆಲ್ಲ ಅವನ ಅಧೀನ ಎಂಬುದು ನಂಬಿಕೆ. ವಿರೋಧ ಕರಗುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಗ್ರಹಗಳು ವಿಧಿಯನ್ನು ಮಾಡುವವರಲ್ಲ, ಸಾರುವವರು. ಸಾರುವವನ ಮೇಲೆ ಒಬ್ಬ ಒಡೆಯನಿದ್ದರೆ ಅವನಲ್ಲಿ ಮೊರೆಯಿಡುವುದು ಅಸಂಗತವಾಗುವುದಿಲ್ಲ.

ಆದರೂ ದಿನನಿತ್ಯದ ಬದುಕಿನಲ್ಲಿ ಇಷ್ಟು ತತ್ತ್ವವನ್ನು ಯಾರೂ ಹೊರುವುದಿಲ್ಲ. ತಮಿಳರ ಕರ್ಮಕಲ್ಪನೆಯನ್ನು ಕುರಿತು 1983ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಮಾನವಶಾಸ್ತ್ರಜ್ಞೆ ಶೆರಿಲ್ ಡೇನಿಯಲ್ ಇದನ್ನು ಉಪಕರಣದ ಪೆಟ್ಟಿಗೆಗೆ ಹೋಲಿಸಿದರು. ತಲೆಬರಹ, ಕರ್ಮ, ಸ್ವಂತ ಹೊಣೆ ಎಲ್ಲವೂ ಪೆಟ್ಟಿಗೆಯಲ್ಲಿರುತ್ತವೆ. ಕೆಲಸಕ್ಕೆ ತಕ್ಕದ್ದನ್ನು ಜನ ಕೈಗೆತ್ತಿಕೊಳ್ಳುತ್ತಾರೆ. ಭಾಷೆಯ ವಿದ್ಯಾರ್ಥಿಗಳಾದ ನಾವು ಇದಕ್ಕೊಂದು ಮಾತು ಸೇರಿಸಬಹುದು: ಆಯ್ಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಕ್ರಿಯಾಪದದ ಕಾಲ. ‘ಹಣೆಯಲ್ಲಿ ಬರೆದಿತ್ತು’ ಎಂಬುದು ಭೂತಕಾಲದ ಮಾತು. ಬೆಳೆ ಒಣಗಿದ ಮೇಲೆ, ಸಾವಾದ ಮೇಲೆ ಅದು ಬರುತ್ತದೆ, ಮತ್ತು ‘ನಾನು ಹಾಗೆ ಮಾಡಬಾರದಿತ್ತೇ’ ಎಂಬ ಕೊರಗನ್ನು ತಗ್ಗಿಸುತ್ತದೆ. ‘ದೀಪ ಹಚ್ಚಿದರೆ ಸರಿಹೋದೀತು’ ಎಂಬುದು ಸಂಭಾವನಾರೂಪ. ಪರೀಕ್ಷೆಗೆ ಓದುವ ಮಗನಿಗೆ ಫೇಲಾಗುವುದು ನಿನ್ನ ಹಣೆಬರಹ ಎಂದು ಸಮಾಧಾನದಿಂದ ಹೇಳುವ ತಾಯಿಯನ್ನು ಕಾಣೆವು. ಫಲಿತಾಂಶ ಬಂದ ಸಂಜೆ ಅದೇ ಮಾತು ಸಾಂತ್ವನವಾಗುತ್ತದೆ.

ಈ ಕಾಲವ್ಯವಸ್ಥೆ ಮುರಿಯುವುದು ಕುಜದೋಷದ ಕನ್ಯೆಯ ವಿಷಯದಲ್ಲಿ. ಆಕೆಯ ಬದುಕಿನಲ್ಲಿ ಇನ್ನೂ ಏನೂ ನಡೆದಿಲ್ಲ, ಆದರೂ ಭೂತಕಾಲಕ್ಕೆ ಮೀಸಲಾದ ಮಾತು ಮೊದಲೇ ಆಕೆಯ ಹೆಸರಿಗೆ ಅಂಟಿಕೊಳ್ಳುತ್ತದೆ. ಒಂದೊಂದಾಗಿ ಸಂಬಂಧಗಳು ತಪ್ಪುತ್ತವೆ, ಮದುವೆ ತಡವಾಗುತ್ತದೆ. ಆಗ ಆ ತಡವನ್ನೇ ದೋಷಕ್ಕೆ ಸಾಕ್ಷಿಯೆಂದು ತೋರಿಸುವವರಿದ್ದಾರೆ. ತಡವಾದದ್ದು ಕುಜನಿಂದಲೋ ವರನ ಕಡೆಯವರ ಭಯದಿಂದಲೋ ಎಂದು ಕೇಳುವವರು ವಿರಳ. ಇದಕ್ಕೂ ಸಂಪ್ರದಾಯವೇ ಒಂದು ದಾರಿ ಇಟ್ಟಿದೆ: ದೋಷವಿರುವ ವರನ ಜಾತಕ ಕೂಡಿದರೆ ಎರಡೂ ಒಂದನ್ನೊಂದು ಕಳೆಯುತ್ತವೆ ಎಂಬ ನಿಯಮ. ಅಂಥ ವರನನ್ನು ಹುಡುಕುವ ತಂದೆ ಊರೂರು ಅಲೆಯುತ್ತಾನೆ. ಸಿಕ್ಕ ಮೇಲೆ ಬಂಧುಗಳ ಮುಂದೆ ‘ಋಣಾನುಬಂಧ’ ಎನ್ನುತ್ತಾನೆ.