ಯಾವ ಯಂತ್ರಕ್ಕೆ ಯಾವ ನಿರ್ವಹಣೆ?

ಉತ್ಪಾದನಾ ವ್ಯವಸ್ಥಾಪನೆಯ ಪರೀಕ್ಷೆಗಳಲ್ಲಿ ಕೆಲವು ಯಂತ್ರಗಳನ್ನು ವರ್ಣಿಸಿ, ಪ್ರತಿಯೊಂದಕ್ಕೂ ತಕ್ಕ ನಿರ್ವಹಣಾ ಕ್ರಮವನ್ನು ಆರಿಸುವಂತೆ ಕೇಳುವುದುಂಟು. ಯಂತ್ರ ಕೆಟ್ಟ ಮೇಲೆ ಸರಿಪಡಿಸುವುದು ಬ್ರೇಕ್‌ಡೌನ್ ನಿರ್ವಹಣೆ. ಕೆಡುವ ಮೊದಲೇ ಗೊತ್ತಾದ ಅವಧಿಗೊಮ್ಮೆ ಭಾಗಗಳನ್ನು ಬದಲಿಸುವುದು ಮುಂಜಾಗ್ರತಾ ನಿರ್ವಹಣೆ. ಯಂತ್ರದ ಸ್ಥಿತಿಯನ್ನು ಆಗಾಗ ಅಳೆದು, ಕೆಡುವ ಲಕ್ಷಣ ಕಂಡಾಗ ಮಾತ್ರ ಕೈಹಾಕುವುದು ಮುನ್ಸೂಚನಾ ನಿರ್ವಹಣೆ. ಯಂತ್ರವು ಮುಖ್ಯವಾದುದೆಂಬ ಒಂದೇ ಕಾರಣಕ್ಕೆ ಮುಂಜಾಗ್ರತಾ ಕ್ರಮವನ್ನು ಸೂಚಿಸುವುದು ಸರಿಯಲ್ಲ. ವಿವರಣೆಯಲ್ಲಿ ಹುಡುಕಬೇಕಾದ ಸಂಗತಿಗಳು ಮೂರು: ಯಂತ್ರ ನಿಂತರೆ ಆಗುವ ನಷ್ಟವೆಷ್ಟು? ಬಳಸಿದಷ್ಟೂ ಕೆಡುವ ಸಂಭವ ಹೆಚ್ಚುತ್ತದೆಯೇ? ಕೆಡುವ ಮುನ್ನ ಅಳೆಯಬಹುದಾದ ಸೂಚನೆ ದೊರೆಯುತ್ತದೆಯೇ?

ಒಂದು ಜವಳಿ ಕಾರ್ಖಾನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ದುರಸ್ತಿ ಕೋಣೆಯಲ್ಲಿ ಎರಡು ಸಣ್ಣ ಡ್ರಿಲ್ಲಿಂಗ್ ಯಂತ್ರಗಳಿವೆ; ಕೆಲಸಕ್ಕೆ ಒಂದೇ ಸಾಕು. ಒಂದು ಕೆಟ್ಟರೆ ಇನ್ನೊಂದರಿಂದ ಕೆಲಸ ಸಾಗುತ್ತದೆ, ದುರಸ್ತಿಯೂ ಅಗ್ಗ. ಇಲ್ಲಿ ಬ್ರೇಕ್‌ಡೌನ್ ನಿರ್ವಹಣೆಯೇ ಯುಕ್ತ. ಆದರೆ ಯಂತ್ರ ಕೆಡುವುದರಿಂದ ಕೆಲಸಗಾರನಿಗೆ ಅಪಾಯವಿರಬಾರದೆಂಬುದು ಇದರ ಮಿತಿ. ಆದುದರಿಂದ ವಿದ್ಯುತ್ ಸಂಪರ್ಕದ ಮತ್ತು ರಕ್ಷಾಕವಚದ ತಪಾಸಣೆಯನ್ನು ಇಲ್ಲಿಯೂ ಬಿಡುವಂತಿಲ್ಲ.

ಅದೇ ಕಾರ್ಖಾನೆಯಲ್ಲಿ 20 ಮಗ್ಗಗಳಿವೆ. ಲಾಳಿಯನ್ನು ಹೊಡೆದು ಅಟ್ಟುವ ಪಿಕರ್ ಎಂಬ ಭಾಗವು ಅವುಗಳಲ್ಲಿ ಸವೆಯುತ್ತದೆ. ಹೊಸದಾಗಿ ಜೋಡಿಸಿದ 100 ಪಿಕರ್‌ಗಳಲ್ಲಿ ಮೊದಲ ತಿಂಗಳು 10, ಎರಡನೆಯ ತಿಂಗಳು 10, ಮೂರನೆಯ ತಿಂಗಳು 30, ನಾಲ್ಕನೆಯ ತಿಂಗಳು ಉಳಿದ 50 ಕೆಡುತ್ತವೆ ಎಂದು ಪ್ರಶ್ನೆಯಲ್ಲಿ ಕೊಟ್ಟಿದೆಯೆನ್ನೋಣ. ಓಡುತ್ತಿರುವಾಗ ಕೆಟ್ಟರೆ ಒಮ್ಮೆಗೆ ರೂ. 1,000 ನಷ್ಟ, ಮೊದಲೇ ಬದಲಿಸಿದರೆ ಮಗ್ಗವೊಂದಕ್ಕೆ ರೂ. 200 ಖರ್ಚು.

ಕೆಟ್ಟ ಮೇಲೆಯೇ ಸರಿಪಡಿಸುವುದಾದರೆ ಪಿಕರಿನ ಸರಾಸರಿ ಆಯುಷ್ಯ 3.2 ತಿಂಗಳು. 20ನ್ನು 3.2ರಿಂದ ಭಾಗಿಸಿದರೆ ತಿಂಗಳಿಗೆ 6.25 ಬಾರಿ ಕೆಡುವಿಕೆ, ವೆಚ್ಚ ರೂ. 6,250. ಪ್ರತಿ ತಿಂಗಳೂ ಎಲ್ಲವನ್ನೂ ಬದಲಿಸಿದರೆ ಆ ನಡುವೆ 2 ಮಗ್ಗಗಳು ಕೆಡುತ್ತವೆ. ಬದಲಾವಣೆಯ ರೂ. 4,000 ಸೇರಿ ವೆಚ್ಚ ರೂ. 6,000, ಉಳಿತಾಯ ಅಲ್ಪ. ಎರಡು ತಿಂಗಳಿಗೊಮ್ಮೆ ಬದಲಿಸಿದರೆ ಆ ಅವಧಿಯಲ್ಲಿ ಮೊದಲ ಪಿಕರ್‌ಗಳಲ್ಲಿ 4 ಕೆಡುತ್ತವೆ. ಮೊದಲ ತಿಂಗಳು ಸರಿಪಡಿಸಿದ 2ರಲ್ಲಿ ಹತ್ತರಲ್ಲೊಂದು ಪಾಲು, ಅಂದರೆ 0.2, ಮತ್ತೆ ಕೆಡುತ್ತವೆ. ಒಟ್ಟು 4.2. ವೆಚ್ಚ ರೂ. 8,200, ಎಂದರೆ ತಿಂಗಳಿಗೆ ರೂ. 4,100. ಮೂರು ತಿಂಗಳಿಗೊಮ್ಮೆಯಾದರೆ ಅದು ಸುಮಾರು ರೂ. 4,873ಕ್ಕೆ ಏರುತ್ತದೆ, ನಾಲ್ಕು ತಿಂಗಳಾದರೆ ಸುಮಾರು ರೂ. 6,520, ಅಂದರೆ ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತಲೂ ದುಬಾರಿ. ಆದುದರಿಂದ ಉತ್ತರವು ಬರಿಯ ‘ಮುಂಜಾಗ್ರತಾ ನಿರ್ವಹಣೆ’ಯಲ್ಲ, ‘ಎರಡು ತಿಂಗಳಿಗೊಮ್ಮೆ ಮುಂಜಾಗ್ರತಾ ನಿರ್ವಹಣೆ’. ಸವೆತದಿಂದ ಕೆಡುವ ಸಂಭವವು ಕಾಲಕ್ರಮೇಣ ಏರುತ್ತಿರುವುದರಿಂದಲೇ ಈ ಲಾಭ ಸಾಧ್ಯವಾಯಿತು.

ಮೂರನೆಯದು ಬಾಯ್ಲರಿನ ಹೊಗೆಯನ್ನು ಹೊರಗೆಳೆಯುವ ದೊಡ್ಡ ಫ್ಯಾನು. ಅದು ಒಂದೇ ಇದೆ. ನಿಂತರೆ ಬಾಯ್ಲರೂ ನಿಲ್ಲಬೇಕು. ಅದರ ಬೇರಿಂಗುಗಳನ್ನು ಗೊತ್ತಾದ ಅವಧಿಗೆ ಬದಲಿಸಬಾರದೇಕೆ? ಬೇರಿಂಗಿನ ಲೆಕ್ಕಾಚಾರದ ಆಯುಷ್ಯವೆಂದರೆ 100ರಲ್ಲಿ 90 ಬೇರಿಂಗುಗಳು ಮುಟ್ಟುವ ಅವಧಿ. ಅವುಗಳಲ್ಲಿ ಅರ್ಧದಷ್ಟು ಅದರ ಸುಮಾರು ಐದು ಪಟ್ಟು ಕಾಲ ಬಾಳುತ್ತವೆ. ಅವಧಿ ನೋಡಿ ಬದಲಿಸಿದರೆ ಚೆನ್ನಾಗಿರುವ ಬೇರಿಂಗುಗಳೇ ಹೆಚ್ಚಾಗಿ ಕಸಕ್ಕೆ ಹೋಗುತ್ತವೆ. ಮರುಜೋಡಣೆಯಲ್ಲಿ ಹೊಸ ದೋಷವೂ ಸೇರಬಹುದು. ಆದರೆ ಬೇರಿಂಗು ಹೇಳದೆ ಕೆಡುವುದು ಅಪರೂಪ. ಮೊದಲು ಅದರ ಕಂಪನ ಹೆಚ್ಚುತ್ತದೆ, ಅನಂತರ ಸದ್ದು ಕೇಳುತ್ತದೆ, ಕೊನೆಗೆ ಬಿಸಿಯೇರುತ್ತದೆ. ಆದುದರಿಂದ ಕಂಪನವನ್ನು ಅಳೆಯುವ ಮುನ್ಸೂಚನಾ ನಿರ್ವಹಣೆ ಇಲ್ಲಿ ತಕ್ಕದ್ದು.

ಎಷ್ಟು ದಿನಕ್ಕೊಮ್ಮೆ ಅಳೆಯಬೇಕು? ಕಂಪನ ಏರಿದ ಮೇಲೆ ಬೇರಿಂಗು 8 ವಾರ ಉಳಿಯುವುದಾದರೆ, ಹೊಸದನ್ನು ತರಿಸಿ ಜೋಡಿಸಲು 2 ವಾರ ಬೇಕಾದರೆ, 4 ವಾರಕ್ಕೊಮ್ಮೆ ಅಳೆಯುವುದು ಸಾಕು. ಅಳತೆ ಮುಗಿದ ಮರುದಿನವೇ ದೋಷ ಹುಟ್ಟಿದರೂ ಮುಂದಿನ ಅಳತೆಯಲ್ಲಿ ಅದು ಗೋಚರಿಸಿ, ಸುಮಾರು 4 ವಾರ ಕೈಯಲ್ಲಿರುತ್ತದೆ. 8 ವಾರಕ್ಕೊಮ್ಮೆ ಅಳೆದರೆ ಸೂಚನೆ ತಿಳಿಯುವ ಹೊತ್ತಿಗೆ ಫ್ಯಾನು ನಿಂತಿರಬಹುದು.

ಎಲೆಕ್ಟ್ರಾನಿಕ್ ನಿಯಂತ್ರಣ ಫಲಕದಂತಹ ಕೆಲವು ಭಾಗಗಳಲ್ಲಿ ಸವೆತವೂ ಕಾಣದು, ಮುನ್ಸೂಚನೆಯೂ ದೊರೆಯದಿರಬಹುದು. ಅಮೆರಿಕದ ವಿಮಾನ ನಿರ್ವಹಣೆಯನ್ನು ಕುರಿತು ನೌಲನ್ ಮತ್ತು ಹೀಪ್ ಅವರು 1978ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪರಿಶೀಲಿಸಿದ ಭಾಗಗಳ ಪೈಕಿ ಶೇಕಡಾ 89ರಷ್ಟಕ್ಕೆ ವಯೋಮಿತಿ ನಿಗದಿಪಡಿಸುವುದರಿಂದ ಪ್ರಯೋಜನವಿಲ್ಲವೆಂದು ಕಂಡುಬಂದಿತ್ತು. ಅಂತಹ ಭಾಗವನ್ನು ಅವಧಿಗೊಮ್ಮೆ ಬದಲಿಸಿದರೆ ಹಣ ಹೋಗುತ್ತದೆಯೇ ಹೊರತು ಕೆಡುವ ಸಂಭವ ತಗ್ಗುವುದಿಲ್ಲ. ಅಲ್ಲಿ ಬಿಡಿಭಾಗವನ್ನು ದಾಸ್ತಾನಿನಲ್ಲಿಡುವುದು, ನಷ್ಟ ಭಾರಿಯಾದರೆ ಬದಲಿ ಯಂತ್ರವನ್ನೇ ಸಿದ್ಧವಾಗಿರಿಸುವುದು ಸರಿಯಾದ ಉತ್ತರವಾಗುತ್ತದೆ.