ವಾಕ್ಯದ ಕೊನೆಯ ಪದ ನೋಡು

ತಂಗಿ, ಹಿಡಕಲ್ ಡ್ಯಾಮಿನ ಬಗ್ಗೆ ನೀನು ಬರೆದ ಕಥೆ ಓದಿದೆ. ‘ಗೇಟು ತೆರೆದರು. ನೀರು ಧುಮ್ಮಿಕ್ಕುತ್ತದೆ. ಜನ ಓಡಿದರು.’ ಇಲ್ಲಿ ನಡುವಿನ ವಾಕ್ಯ ವರ್ತಮಾನಕ್ಕೆ ಜಾರಿದೆ, ‘ಧುಮ್ಮಿಕ್ಕಿತು’ ಆಗಬೇಕು. ಪರೀಕ್ಷೆಯ ಅವಸರದಲ್ಲಿ ರೋಚಕ ಘಟ್ಟ ಬಂದಾಗ, ಇಲ್ಲವೇ ಸಂಭಾಷಣೆ ಮುಗಿದ ಕೂಡಲೇ ಹೀಗಾಗುತ್ತದೆ.

ಆದರೆ ‘ನೀರ ಬರಾಕತ್ತೈತಿ, ಓಡ್ರಿ!’ ಎಂಬ ಅಜ್ಜನ ಮಾತನ್ನು ತಿದ್ದಬೇಡ. ಪಾತ್ರದ ಮಾತಿಗೆ ಅದರದೇ ಕಾಲ. ‘ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ’ ಎಂಬುದೂ ಸರಿಯೇ. ಅದು ಇಂದಿಗೂ ನಿಜವಾದ ಸಂಗತಿ.

ಪರೀಕ್ಷೆಯ ಕೊನೆಯ ಎರಡು ನಿಮಿಷದಲ್ಲಿ ಇಡೀ ಕಥೆ ಓದಬೇಡ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ತುದಿಗಿರುತ್ತದೆ; ಪೂರ್ಣವಿರಾಮದ ಹಿಂದಿನ ಪದವನ್ನಷ್ಟೇ ನೋಡುತ್ತಾ ಹೋಗು. ನಿರೂಪಣೆಯಲ್ಲಿ ನಡೆದ ಘಟನೆಗೆ ‘-ತ್ತದೆ’, ‘-ತ್ತಾನೆ’ ಕಂಡರೆ ಒಂದೇ ಗೀಟು ಹೊಡೆದು, ಮೇಲೆ ಸರಿಯಾದ ರೂಪ ಬರೆ.