ತೌಡು ಎಮ್ಮಿಗೆ, ಬೆರಿಬೆರಿ ಯಾರಿಗೆ?

ಮುಗದದಿಂದ ಧಾರವಾಡದ ಕಾಲೇಜಿಗೆ ಬರುವ ಹುಡುಗಿಯೊಬ್ಬಳು ವಿಟಮಿನ್ ಪಾಠವನ್ನೆಲ್ಲ ಒಂದು ಪುಟದ ಪಟ್ಟಿಗೆ ಇಳಿಸಿ ತಂದಿದ್ದಳು. ಬಿ1 ಸಾಲಿನಲ್ಲಿ ‘ರೋಗ: ಬೆರಿಬೆರಿ, ಮೂಲ: ಅಕ್ಕಿ’ ಎಂದಿತ್ತು. ಭತ್ತದ ಊರಿನವಳು, ಹಾಗೆ ಬರೆದದ್ದು ಸಹಜ. ಆದರೆ ಬೆರಿಬೆರಿ ಕಾಡಿದ್ದು ಅನ್ನವನ್ನೇ ನೆಚ್ಚಿ ಉಂಡವರನ್ನು. ಆ ಸಾಲನ್ನು ತಿದ್ದುವಾಗ ಸಿಕ್ಕ ಸೂತ್ರಗಳಿವು.

1. ‘ಕೆಲಸ’ದ ಕಾಲಂ ಮೊದಲು ತುಂಬಿ. ರೋಗದ ಹೆಸರಿನಿಂದ ಶುರು ಮಾಡಿದರೆ ಬಾಯಿಪಾಠವೇ ಗತಿ. ಅನ್ನದ ಪಿಷ್ಟ ಗ್ಲೂಕೋಸ್ ಆಗಿ, ಅದು ಪೈರುವೇಟ್ ಆಗುವವರೆಗೆ ಬಿ1 ಬೇಕಿಲ್ಲ. ಅಲ್ಲಿಂದ ಮುಂದೆ ಶಕ್ತಿ ತೆಗೆಯುವ ಕಿಣ್ವ ಬಿ1 ಇಲ್ಲದೆ ನಡೆಯದು. ಹೊಟ್ಟೆ ತುಂಬಿರುತ್ತದೆ, ಶಕ್ತಿ ಹುಟ್ಟುವುದಿಲ್ಲ.

2. ಮೊದಲು ಸೋಲುವ ಅಂಗ ಯಾವುದೆಂದು ಕೇಳಿ. ನರಗಳಿಗೆ ಗ್ಲೂಕೋಸೇ ಮುಖ್ಯ ಉರುವಲು. ಹೃದಯಕ್ಕೆ ಬಿಡುವೇ ಇಲ್ಲ. ಅದಕ್ಕೇ ಪಾದ ಜುಮುಗುಡುತ್ತದೆ, ಕಾಲಿನ ಬಲ ಕುಂದುತ್ತದೆ, ಹೃದಯ ಸೋತರೆ ಕಾಲು ಬಾಯುತ್ತದೆ. ದೇಹದಲ್ಲಿ ಬಿ1 ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಲುವುದರಿಂದ ಲಕ್ಷಣ ಬೇಗ ಬರುತ್ತದೆ.

3. ಮೂಲದ ಜೊತೆ ಅದು ಎಲ್ಲಿ ಕಳೆಯುತ್ತದೆ ಎಂದೂ ಬರೆಯಿರಿ. ‘ಗಿರಣ್ಯಾಗ ಬಂದ ತೌಡು ಏನ್ ಮಾಡ್ತೀರಿ?’ ಎಂದು ಕೇಳಿದೆ. ‘ಎಮ್ಮಿಗೆ ಹಾಕ್ತೀವ್ರಿ ಸರ್’ ಎಂದವಳು, ತಾನೇ ನಕ್ಕು ‘ಅಕ್ಕಿ’ಯನ್ನು ಹೊಡೆದು ‘ತೌಡು’ ಎಂದು ಬರೆದಳು. 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಕಂಡದ್ದೂ ಇದನ್ನೇ: ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತವು, ತೌಡು ಕೊಟ್ಟಾಗ ಚೇತರಿಸಿದವು. ಕುಚ್ಚಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗಲೇ ಬಿ1 ಕಾಳಿನೊಳಕ್ಕೆ ಇಳಿದಿರುತ್ತದೆ, ಪಾಲಿಶ್ ಮಾಡಿದರೂ ಅಷ್ಟಿಷ್ಟು ಉಳಿಯುತ್ತದೆ. ಗಂಜಿ ಬಸಿದು ಚೆಲ್ಲಿದರೆ ಒಂದಿಷ್ಟು ಅದರೊಂದಿಗೇ ಹೋಗುತ್ತದೆ.

4. ಒಂದೇ ಲಕ್ಷಣದ ಎರಡು ಸಾಲುಗಳನ್ನು ಎದುರುಬದುರು ಇಡಿ. ಸಿ ಕೊರತೆಗೂ ಕೆ ಕೊರತೆಗೂ ‘ರಕ್ತಸ್ರಾವ’ ಎಂದಷ್ಟೇ ಬರೆದರೆ ಪರೀಕ್ಷೆಯಲ್ಲಿ ಅದಲುಬದಲಾಗುವುದು ಖಂಡಿತ.

| ವಿಟಮಿನ್ | ಕೆಲಸ | ಕೆಲಸ ನಿಂತರೆ | ಮೂಲ |
|---|---|---|---|
| ಸಿ | ಕೊಲಾಜನ್ ಎಳೆ ಬಿಗಿಯುವುದು | ರಕ್ತನಾಳದ ಗೋಡೆ ಸಡಿಲ; ವಸಡಿನಲ್ಲಿ ರಕ್ತ, ಗಾಯ ಮಾಯದು | ನೆಲ್ಲಿ, ಪೇರಲ |
| ಕೆ | ಹೆಪ್ಪುಗಟ್ಟಿಸುವ ಪ್ರೋಟೀನ್ ಸಿದ್ಧಪಡಿಸುವುದು | ಗೋಡೆ ಗಟ್ಟಿ. ಆದರೆ ಹರಿದ ರಕ್ತ ನಿಲ್ಲದು | ಹಸಿರು ಸೊಪ್ಪು |

ಒಂದರಲ್ಲಿ ಕೊಳವೆಯೇ ಕೆಟ್ಟಿದೆ, ಇನ್ನೊಂದರಲ್ಲಿ ಸೋರಿಕೆ ಮುಚ್ಚುವ ಮೇಣ ಇಲ್ಲ.

5. ಲಕ್ಷಣ ಮುಚ್ಚಿ, ಕೆಲಸ ಓದಿ ಹೇಳಿ ನೋಡಿ. ಬಾರದಿದ್ದರೆ ಕಾರಣದ ಕೊಂಡಿ ಎಲ್ಲೋ ತಪ್ಪಿದೆ. ಬಿ2 ಕೊರತೆಯಲ್ಲಿ ಬಾಯಿಯ ಮೂಲೆಯೇ ಏಕೆ ಸೀಳಬೇಕು ಎಂಬಂಥವು ಮಾತ್ರ ಅಷ್ಟು ಸಲೀಸಾಗಿ ಹೊಳೆಯವು. ಅವಕ್ಕೆ ನಕ್ಷತ್ರ ಹಾಕಿ ಬಾಯಿಪಾಠ ಮಾಡಿ. ಆಕೆಯ ಪುಟದಲ್ಲಿ ಕೊನೆಗೆ ಉಳಿದ ನಕ್ಷತ್ರಗಳು ಮೂರೇ.